ಇಂದು 3 ಗಂಟೆಯ ಸಭೆಗೆ ಬರಲಾಗುವುದಿಲ್ಲ, ಬರಹದಲ್ಲೇ ಮುಗಿಸೋಣವೇ?

ಮೇಡಂ, ನಮಸ್ಕಾರ.

3 ಗಂಟೆಯ ಸಭೆಗೆ ನೀವು ಈಗಷ್ಟೇ ಕಳುಹಿಸಿದ ಆಹ್ವಾನ ನೋಡಿದೆ. ಕ್ಷಮಿಸಿ, ಇಂದು ಬರಲಾಗುವುದಿಲ್ಲ.

2ರಿಂದ 5ರವರೆಗಿನ ಸಮಯವನ್ನು ಅಪಾರ್ಟ್‌ಮೆಂಟ್ ನಿರ್ವಹಣಾ ಬಿಲ್ಲಿನ ಲೆಕ್ಕಕ್ಕೆಂದೇ ಮೀಸಲಿಟ್ಟಿದ್ದೇನೆ. ತಿಂಗಳಿಗೆ ಸರಿಯಾಗಿ 7,500 ರೂಪಾಯಿ ಕಟ್ಟುವ ಮನೆಗಳಿಗೂ ನಮ್ಮ ತಂತ್ರಾಂಶ ಜಿಎಸ್‌ಟಿ ಹಾಕುತ್ತಿದೆ. ಹಾಕಬೇಕಾದದ್ದು ಆ ಮಿತಿ ದಾಟಿದವರಿಗೆ ಮಾತ್ರ. ನಾಳೆ ಬೆಳಿಗ್ಗೆ ಬೆಳ್ಳಂದೂರಿನ ಸಂಘಕ್ಕೆ ಬಿಲ್ ಹೋಗುತ್ತದೆ. ನಿವಾಸಿಗಳ ಕೈಗೆ ತಪ್ಪು ಮೊತ್ತ ಸೇರಬಾರದು. ನಡುವೆ ಎದ್ದು ಬಂದರೆ ಲೆಕ್ಕದ ಎಳೆ ತಪ್ಪುತ್ತದೆ, ಮತ್ತೆ ಹಿಡಿಯುವುದು ಕಷ್ಟ.

ಹೊಸ ರಸೀದಿಯ ವಿನ್ಯಾಸದ ಬಗ್ಗೆ ನಿಮ್ಮ ಪ್ರಶ್ನೆಗಳನ್ನು ಹಂಚಿಕೊಂಡ ಕಡತದಲ್ಲೇ ಬರೆದಿಡಿ. ಪರದೆಯನ್ನು ತೋರಿಸುತ್ತಾ ಮಾತಾಡಬೇಕೆನಿಸಿದರೆ ಐದು ನಿಮಿಷದ ವಿಡಿಯೊ ಕಳುಹಿಸಿದರೂ ಆದೀತು. 5ರ ನಂತರ ಒಂದೊಂದಕ್ಕೂ ಅಲ್ಲೇ ಉತ್ತರಿಸಿ, 6:30ರೊಳಗೆ ಮುಗಿಸುತ್ತೇನೆ. ಬಣ್ಣ, ಅಕ್ಷರ ಗಾತ್ರದ ವಿಷಯದಲ್ಲಿ ನಿಮ್ಮ ತೀರ್ಮಾನವೇ ಇರಲಿ, ನನಗಾಗಿ ಕಾಯಬೇಡಿ.

ಅಷ್ಟಾದ ಮೇಲೂ ಏನಾದರೂ ಉಳಿದರೆ ನಾಳೆ 11ಕ್ಕೆ ಕೂರೋಣ. ಅಷ್ಟರೊಳಗೆ ಬಿಲ್ಲಿಗೇ ತೊಂದರೆಯಾಗುವಂಥದ್ದೇನಾದರೂ ಕಂಡರೆ ದಯವಿಟ್ಟು ನೇರವಾಗಿ ಫೋನ್ ಮಾಡಿ, ಖಂಡಿತ ಎತ್ತುತ್ತೇನೆ.