ಸ್ಯಾಂಪಲ್ ಪೆಟ್ಟಿಗೆ ರವಾನೆಯಾಗಿದೆ: ಚನ್ನಪಟ್ಟಣದ ಆಟಿಕೆಗಳು, ಇನ್‌ವಾಯ್ಸ್ ಎಸ್-14

ಸುಮಾ ಮೇಡಂ, ನಮಸ್ಕಾರ.

ನೀವು ಕೇಳಿದ್ದ ನಾಲ್ಕು ಬಗೆಯ ಆಟಿಕೆಗಳ ಸ್ಯಾಂಪಲ್ ಇಂದು, 2025ರ ನವೆಂಬರ್ 10ರ ಸೋಮವಾರ, ಮಧ್ಯಾಹ್ನ ಚನ್ನಪಟ್ಟಣದ ನಮ್ಮ ಘಟಕದಿಂದ ಹೊರಟಿದೆ. ಡಿಎಚ್‌ಎಲ್ ಎಕ್ಸ್‌ಪ್ರೆಸ್ ಮೂಲಕ ಒಂದೇ ಪೆಟ್ಟಿಗೆ, ವೇಬಿಲ್ ನಂಬರ್ 4471902635. ಲೆಸ್ಟರ್‌ನ ನಿಮ್ಮ ಗೋದಾಮಿಗೆ ಶುಕ್ರವಾರ 14ರಿಂದ ಮಂಗಳವಾರ 18ರೊಳಗೆ ತಲುಪಬೇಕು. ಡೆಲಿವರಿಗೆ ಸಹಿ ಬೇಕಾಗುತ್ತದೆ, ಗೋದಾಮಿನಲ್ಲಿ ಯಾರಾದರೂ ಇರುವಂತೆ ನೋಡಿಕೊಳ್ಳಿ.

ಪೆಟ್ಟಿಗೆಯಲ್ಲಿ ಇರುವುದು:

ರಿಂಗ್ ಸ್ಟ್ಯಾಕರ್, 7 ಬಳೆ, 3 ಸೆಟ್: ₹340ರಂತೆ ₹1,020
ಗಿಲಕಿ, 4: ₹120ರಂತೆ ₹480
ಎಳೆಯುವ ಆನೆ, 3: ₹410ರಂತೆ ₹1,230
ಬುಗುರಿ, ಆರರ ಸೆಟ್, 4 ಸೆಟ್: ₹150ರಂತೆ ₹600
ಬಣ್ಣದ ಕಡ್ಡಿಗಳು, 6 ಬಣ್ಣ: ₹20ರಂತೆ ₹120
ಒಟ್ಟು ₹3,450. ಪೌಂಡ್‌ಗೆ ₹116ರ ಲೆಕ್ಕದಲ್ಲಿ £29.74

ಬಣ್ಣದ ಕಡ್ಡಿಗಳನ್ನು ನೀವು ಕೇಳಿರಲಿಲ್ಲ, ನಾವೇ ಸೇರಿಸಿದ್ದೇವೆ. ಇಎನ್ 71 ಪರೀಕ್ಷೆಯ 3ನೇ ಭಾಗಕ್ಕೆ ಲ್ಯಾಬ್‌ನವರು ಪ್ರತಿ ಬಣ್ಣವನ್ನೂ ಬೇರೆಬೇರೆಯಾಗಿ ಕೆರೆದು ತೆಗೆಯುತ್ತಾರೆ, ಬಣ್ಣಕ್ಕೆ ಸುಮಾರು 100 ಮಿಲಿಗ್ರಾಂ ಪುಡಿ ಸಿಕ್ಕರೆ ಅವರಿಗೆ ಸಲೀಸು. ಅರಗಿನ ಲೇಪ ಬಹಳ ತೆಳು. ಒಂದು ಗಿಲಕಿಯ ಸಣ್ಣ ಪಟ್ಟಿಯಿಂದ ಅಷ್ಟು ಪುಡಿ ಬರುವುದಿಲ್ಲ, ಆಗ ಇನ್ನೂ ಆಟಿಕೆ ಕಳಿಸಿ ಎಂದು ಲ್ಯಾಬ್ ವಾಪಸ್ ಬರೆದು ಎರಡು ವಾರ ಹೋಗುತ್ತದೆ. ಆಟಿಕೆಗೆ ಹಚ್ಚಿದ ಅದೇ ಅರಗು, ಅದೇ ಆಲೆ ಮರ, ಅದೇ ದಿನದ ಕೆಲಸ. ಲಾಟ್ ನಂಬರ್ 11 ಎಂದು ಪ್ರತಿ ಕಡ್ಡಿಯ ತುದಿಯಲ್ಲೂ ಬರೆದಿದೆ. ಆದರೂ ಕಡ್ಡಿಯ ಜೊತೆ ಒಂದೊಂದು ಆಟಿಕೆಯನ್ನೂ ಕೊಡಿ, ಏಕೆಂದರೆ ವರದಿಯಲ್ಲಿ ಆಟಿಕೆಯ ಫೋಟೋ ಇರಬೇಕು.

ಟ್ರ್ಯಾಕಿಂಗ್ ಬಗ್ಗೆ. ವೇಬಿಲ್ ನಂಬರ್ ಇಂದು ರಾತ್ರಿಯ ಹೊತ್ತಿಗೆ ವೆಬ್‌ಸೈಟಿನಲ್ಲಿ ಕಾಣಿಸುತ್ತದೆ. ಬೆಂಗಳೂರಿನಲ್ಲಿ ಇಲ್ಲಿನ ಕಸ್ಟಮ್ಸ್‌ಗೆ ಸ್ಯಾಂಪಲ್‌ಗಳ ಸಿಎಸ್‌ಬಿ-4 ಬಿಲ್ ಹೋಗುತ್ತದೆ, ಅದಕ್ಕೆ ನಮ್ಮ ಐಇಸಿ ಮತ್ತು ಕೆವೈಸಿ ಕೊಟ್ಟಾಗಿದೆ. ನಿಮ್ಮ ಕಡೆ `Clearance event` ಎಂದು ಬಂದರೆ ಗಾಬರಿ ಬೇಡ, ಕಾಗದಪತ್ರ ನೋಡುತ್ತಿದ್ದಾರೆ ಎಂದಷ್ಟೇ ಅರ್ಥ. `On hold` ಎಂದು ಒಂದು ಪೂರ್ತಿ ಕೆಲಸದ ದಿನ ನಿಂತರೆ ಮಾತ್ರ ನೀವೇ ಕೊರಿಯರ್‌ನವರಿಗೆ ಫೋನ್ ಮಾಡಿ. ಅಲ್ಲಿ ಆಮದುದಾರರು ನೀವು, ನಮ್ಮ ಮಾತಿಗಿಂತ ನಿಮ್ಮ ಮಾತಿಗೆ ಬೇಗ ಕೆಲಸ ಆಗುತ್ತದೆ. ಅವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಮರ ಯಾವುದು? ಉತ್ತರ: ರೈಟಿಯಾ ಟಿಂಕ್ಟೋರಿಯಾ, ಸೈಟಿಸ್ ಪಟ್ಟಿಯಲ್ಲಿ ಇಲ್ಲ, ಇನ್‌ವಾಯ್ಸ್‌ನಲ್ಲೂ ಬರೆದಿದೆ. ಪ್ಯಾಕಿಂಗ್‌ಗೆ ಹಸಿ ಮರ ಬಳಸಿದ್ದೀರಾ? ಇಲ್ಲ, ಪೂರ್ತಿ ರಟ್ಟು. ಮರದ ಚೌಕಟ್ಟು ಹಾಕಿದ್ದರೆ ಐಎಸ್‌ಪಿಎಂ 15 ಮುದ್ರೆ ಬೇಕಾಗುತ್ತಿತ್ತು, ಅದಕ್ಕೇ ಹಾಕಲಿಲ್ಲ.

ಇನ್‌ವಾಯ್ಸ್ ಮೇಲೆ "ಮಾರಾಟಕ್ಕಲ್ಲ, ವ್ಯಾಪಾರ ಸ್ಯಾಂಪಲ್, ಬೆಲೆ ಕಸ್ಟಮ್ಸ್ ಉದ್ದೇಶಕ್ಕೆ ಮಾತ್ರ" ಎಂದು ಇಂಗ್ಲಿಷ್‌ನಲ್ಲಿ ಬರೆದಿದ್ದೇವೆ, ಎಚ್‌ಎಸ್ ಕೋಡ್ 9503.00. ಬೆಲೆಯನ್ನು ಸೊನ್ನೆ ಅಂತಲೋ ಒಂದು ಪೌಂಡ್ ಅಂತಲೋ ಬರೆಯಲು ನಾವು ಒಪ್ಪುವುದಿಲ್ಲ. ಅಂಥ ಪೆಟ್ಟಿಗೆಯನ್ನೇ ಮೊದಲು ತಡೆದು ನಿಲ್ಲಿಸುತ್ತಾರೆ. £135ರ ಒಳಗಿನ ಪಾರ್ಸೆಲ್ ಆದ್ದರಿಂದ ಕಸ್ಟಮ್ಸ್ ಸುಂಕ ಇಲ್ಲ. 20% ವ್ಯಾಟ್ ವಿಚಾರದಲ್ಲಿ, ನಿಮ್ಮ ವ್ಯಾಟ್ ನಂಬರನ್ನೂ ಇಒಆರ್‌ಐ ನಂಬರನ್ನೂ ಇನ್‌ವಾಯ್ಸ್ ಮೇಲೆ ಹಾಕಿದ್ದೇವೆ, ಗಡಿಯಲ್ಲಿ ಕಟ್ಟುವ ಬದಲು ನಿಮ್ಮ ರಿಟರ್ನ್‌ನಲ್ಲಿ ತೋರಿಸಿಕೊಳ್ಳಬಹುದು. ಒಮ್ಮೆ ನಿಮ್ಮ ಅಕೌಂಟೆಂಟ್‌ಗೆ ಇನ್‌ವಾಯ್ಸ್ ಕಳಿಸಿಬಿಡಿ. ಬಾಗಿಲಲ್ಲಿ ಕೊರಿಯರ್‌ನವರು ವ್ಯಾಟ್ ಕೇಳಿದರೆ ಕಟ್ಟುವ ಮೊದಲು ಅವರ ಎಂಟ್ರಿಯಲ್ಲಿ ನಿಮ್ಮ ನಂಬರ್ ಬಂದಿದೆಯೇ ಎಂದು ಕೇಳಿ.

ಖರ್ಚಿನ ಲೆಕ್ಕ, ಮಾತಾಡಿದ ಹಾಗೆಯೇ. ಆಟಿಕೆ ಮತ್ತು ಪ್ಯಾಕಿಂಗ್ (₹480) ನಮ್ಮದು, ಕೊರಿಯರ್ ನಿಮ್ಮದು. ಕೊರಿಯರ್ ₹7,400, ಅದರ ಮೇಲೆ 18% ಜಿಎಸ್‌ಟಿ ₹1,332, ಒಟ್ಟು ₹8,732, ಅಂದರೆ £75.28. ಸಾಮಾನಿನ ಬೆಲೆಗಿಂತ ಸಾಗಣೆಯೇ ಎರಡೂವರೆ ಪಟ್ಟು, ಅದು ನಮಗೂ ಗೊತ್ತು. ಪೆಟ್ಟಿಗೆಯ ತೂಕ 5 ಕೆ.ಜಿ. ಮಾತ್ರ, ಆದರೆ ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ತೂಕ ಮತ್ತು ಆ ಲೆಕ್ಕ ಎರಡರಲ್ಲಿ ಹೆಚ್ಚಿನದಕ್ಕೆ ಬಿಲ್ ಹಾಕುತ್ತಾರೆ. ಮೊದಲು ತೆಗೆದಿಟ್ಟಿದ್ದ 45×35×30ರ ಪೆಟ್ಟಿಗೆಗೆ 9.5 ಕೆ.ಜಿ. ಬರುತ್ತಿತ್ತು. ಸ್ಟ್ಯಾಕರ್‌ನ ಬಳೆಗಳನ್ನು ಕಂಬದಿಂದ ಬಿಡಿಸಿ ಚಪ್ಪಟೆಯಾಗಿ ಜೋಡಿಸಿ 40×30×24ಕ್ಕೆ ಇಳಿಸಿದ್ದೇವೆ. ಈಗ ಬಿಲ್ 6 ಕೆ.ಜಿ.ಗೆ. ಹಾಗಾಗಿ ಸ್ಟ್ಯಾಕರ್ ಬಿಡಿಬಿಡಿಯಾಗಿ ಬರುತ್ತದೆ, ಮುರಿದಿದೆ ಎಂದುಕೊಳ್ಳಬೇಡಿ.

ಹಣವನ್ನು ಬ್ಯಾಂಕ್ ಮೂಲಕ, ನಮ್ಮ ಘಟಕದ ಕರೆಂಟ್ ಅಕೌಂಟಿಗೇ, ಎಸ್-14 ಎಂದು ಉಲ್ಲೇಖಿಸಿ ಕಳಿಸಿ. ಚಾರ್ಜ್ ಯಾರದು ಎಂದು ಕೇಳುವಲ್ಲಿ `OUR` ಆರಿಸಿ, ಇಲ್ಲದಿದ್ದರೆ ನಡುವಿನ ಬ್ಯಾಂಕ್ ಮುರಿದುಕೊಂಡು ಉಳಿದದ್ದು ಬರುತ್ತದೆ, ಇನ್‌ವಾಯ್ಸ್‌ಗೆ ಲೆಕ್ಕ ಹೊಂದುವುದಿಲ್ಲ. ಮೊದಲ ಆರ್ಡರ್ 500 ಪೀಸ್ ದಾಟಿದರೆ ಈ £75.28ನ್ನು ಆ ಬಿಲ್‌ನಲ್ಲಿ ಪೂರ್ತಿ ವಜಾ ಮಾಡುತ್ತೇವೆ. ಪ್ರೊಫಾರ್ಮಾ ಲಗತ್ತಿಸಿದೆ.

ಪೆಟ್ಟಿಗೆ ಬಂದ ಮೇಲೆ ಮಾಡಬೇಕಾದ್ದು ಸ್ವಲ್ಪ ಇದೆ. ಒಡೆಯುವ ಮೊದಲು ಆರೂ ಬದಿಯ ಫೋಟೋ ತೆಗೆಯಿರಿ. ಆಮೇಲೆ ಒಂದು ದಿನ ಹಾಗೇ ಮುಚ್ಚಿದಂತೆ ಕೋಣೆಯಲ್ಲಿ ಇಡಿ. ವಿಮಾನದ ಚಳಿಯಿಂದ ನೇರ ಬೆಚ್ಚಗಿನ ಕೋಣೆಯಲ್ಲಿ ಬಿಚ್ಚಿದರೆ ಅರಗಿನ ಮೇಲೆ ಮಂಜು ಕೂತು ಹೊಳಪು ಮಸುಕಾದಂತೆ ಕಾಣುತ್ತದೆ. ಪ್ರತಿ ಆಟಿಕೆಗೂ ಮೊದಲು ಬಟರ್ ಪೇಪರ್, ಅದರ ಮೇಲೆ ಬಬಲ್ ರ‍್ಯಾಪ್ ಸುತ್ತಿದ್ದೇವೆ. ಬಬಲ್ ರ‍್ಯಾಪ್ ನೇರವಾಗಿ ಅರಗಿಗೆ ತಾಗಿದರೆ, ಗೋದಾಮಿನ ಬಿಸಿಗೆ ಅರಗು ಮೆತ್ತಗಾಗಿ ಗುಳ್ಳೆಗಳ ಗುರುತು ಅಚ್ಚೊತ್ತಿದಂತೆ ಉಳಿದುಬಿಡುತ್ತದೆ, ಮತ್ತೆ ತಾಳೆಗರಿ ಹಿಡಿದು ಚರಕಿಗೆ ಏರಿಸಿದರೇ ಅದು ಹೋಗುವುದು.

ಇನ್ನೊಂದು, ದಯವಿಟ್ಟು ಅಂಗಡಿಯ ಹುಡುಗರಿಗೂ ಹೇಳಿ: ಸ್ಯಾನಿಟೈಸರ್, ಸ್ಪಿರಿಟ್, ಆಲ್ಕೋಹಾಲ್ ಇರುವ ವೈಪ್ಸ್ ಯಾವುದರಿಂದಲೂ ಒರೆಸಬಾರದು. ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಒಣ ಹತ್ತಿ ಬಟ್ಟೆ ಸಾಕು.

ನಮಗೆ ನಿಮ್ಮಿಂದ ಬೇಕಾದ ಅಭಿಪ್ರಾಯಗಳು ಹೀಗೆ. ಸ್ಟ್ಯಾಕರ್‌ನ ಮೇಲಿನ ಗುಂಡು 48 ಮಿ.ಮೀ. ಇದೆ, ಮೂರು ವರ್ಷದ ಒಳಗಿನ ಮಕ್ಕಳ ಆಟಿಕೆಯಲ್ಲಿ 44.5 ಮಿ.ಮೀ. ರಂಧ್ರದಲ್ಲಿ ಹಾಯುವ ಗುಂಡು ಸಣ್ಣ ಚೆಂಡು ಎನಿಸಿಕೊಂಡು ಫೇಲ್ ಆಗುತ್ತದೆ. ನಿಮ್ಮ ಹಳೆಯ ಚಿತ್ರದಲ್ಲಿ 42 ಇತ್ತು, ಆದ್ದರಿಂದ ದೊಡ್ಡದು ಮಾಡಿದ್ದೇವೆ. ನೋಡಲು ತಲೆ ಭಾರ ಅನ್ನಿಸಿದರೆ ಕೆಳಗಿನ ಬಳೆ ಅಗಲಿಸಬಹುದು, ಗುಂಡು ಇಳಿಸಲಾಗದು. ಆನೆಗಳಲ್ಲಿ ಎ ಮತ್ತು ಬಿ ಯ ಚಕ್ರದ ಅಚ್ಚುಗೂಟ ಒಂದೇ ದಪ್ಪ, ಸಿ ಯದು ಅದಕ್ಕಿಂತ 2 ಮಿ.ಮೀ. ಹೆಚ್ಚು ದಪ್ಪ. ಕಾರ್ಪೆಟ್ ಮೇಲೂ ಮರದ ನೆಲದ ಮೇಲೂ ಎಳೆದು ಯಾವುದು ಚೆನ್ನಾಗಿ ಉರುಳುತ್ತದೆ ಹೇಳಿ. ಎಳೆಯುವ ದಾರ ಕಟ್ಟಿಲ್ಲ, ಪೊಟ್ಟಣದಲ್ಲಿ ಇದೆ. ಉದ್ದವನ್ನು ಲ್ಯಾಬ್ ಹೇಳಿದ ಮೇಲೆ ಗೊತ್ತುಮಾಡೋಣ. ಬುಗುರಿಯನ್ನು ಮೂರು ವರ್ಷ ಮೇಲ್ಪಟ್ಟವರಿಗೆ ಎಂದೇ ಲೇಬಲ್ ಮಾಡುತ್ತೇವೆ, ಅದರಲ್ಲಿ ಚರ್ಚೆ ಬೇಡ.

ಎರಡು ಪರೀಕ್ಷೆ ನಿಮ್ಮಲ್ಲೇ ಆಗಬೇಕು, ಇಲ್ಲಿ ಮಾಡಲು ಬರುವುದಿಲ್ಲ. ಒಂದು ಆನೆಯನ್ನೂ ಒಂದು ಸ್ಟ್ಯಾಕರನ್ನೂ ರೇಡಿಯೇಟರ್‌ನಿಂದ ಒಂದು ಮೀಟರ್ ದೂರದಲ್ಲಿ ಎರಡು ವಾರ ಇಡಿ. ಮರವನ್ನು 10-12% ತೇವಕ್ಕೆ ಒಣಗಿಸಿದ್ದೇವೆ, ಆದರೆ ಹೀಟರ್ ಹಾಕಿದ ಮನೆಯ ಒಣಗಾಳಿಗೆ ಅದು ಇನ್ನೂ ಕುಗ್ಗುತ್ತದೆ, ಗೂಟ ಸಡಿಲವಾದರೆ ಚಕ್ರ ಕೈಗೆ ಬರುತ್ತದೆ. ಹಾಗಾದರೆ ಇಲ್ಲಿ 8%ಗೆ ಇಳಿಸಿಯೇ ಕಡೆಯುತ್ತೇವೆ. ಎರಡನೆಯದು, ಕಡ್ಡಿಗಳಲ್ಲಿ ಹಳದಿ ಮತ್ತು ಹಸಿರನ್ನು ಅರ್ಧ ಕಪ್ಪು ಕಾಗದದಿಂದ ಸುತ್ತಿ ಅಂಗಡಿಯ ಕಿಟಕಿಯಲ್ಲಿ ಅಷ್ಟೇ ದಿನ ಬಿಡಿ. ಹಳದಿ ಅರಿಶಿನದ್ದು, ಬಿಸಿಲಿಗೆ ಮಾಸುತ್ತದೆ. ಹಸಿರು ಅರಿಶಿನ ಮತ್ತು ನೀಲಿ ಬೆರೆಸಿದ್ದು, ಅರಿಶಿನ ಮಾಸಿದಷ್ಟೂ ಅದು ನೀಲಿಯ ಕಡೆಗೆ ತಿರುಗುತ್ತದೆ. ಎಷ್ಟರ ಮಟ್ಟಿಗೆ ನಿಮಗೆ ಒಪ್ಪಿಗೆ ಎಂಬುದು ನೀವು ಕಣ್ಣಾರೆ ಕಂಡು ಹೇಳಬೇಕಾದ ಮಾತು. ಗ್ರಾಹಕರಿಗೂ ಇದನ್ನು ಮುಚ್ಚಿಡದೆ ಹೇಳುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ.

ದಿನಾಂಕಗಳು: ಏಟು ಬಿದ್ದಿದ್ದರೆ, ಕಡಿಮೆ ಬಂದಿದ್ದರೆ, ಡೆಲಿವರಿ ಆದ 3 ಕೆಲಸದ ದಿನದೊಳಗೆ ಫೋಟೋ ಸಮೇತ ತಿಳಿಸಿ, ಪೆಟ್ಟಿಗೆ ಎಸೆಯಬೇಡಿ. ಮುರಿದ ಪೀಸ್ ಮತ್ತೆ ಕಳಿಸುತ್ತೇವೆ, ಆ ಸಾಗಣೆಯಲ್ಲಿ ಅರ್ಧ ನಮ್ಮದು. ಅಳತೆ, ಬಣ್ಣ, ಹೊಳಪಿನ ಅಭಿಪ್ರಾಯ ನವೆಂಬರ್ 28ರೊಳಗೆ. ರೇಡಿಯೇಟರ್ ಮತ್ತು ಕಿಟಕಿಯ ಫಲಿತಾಂಶ ಡಿಸೆಂಬರ್ 5. ಲ್ಯಾಬ್ ವರದಿ ಡಿಸೆಂಬರ್ 19. ಆರ್ಡರ್ ಡಿಸೆಂಬರ್ 22ಕ್ಕೆ ಕೈಸೇರಿದರೆ, ಸಂಕ್ರಾಂತಿ ರಜೆ ಸೇರಿ 45 ದಿನದ ಕೆಲಸ, ಫೆಬ್ರವರಿ 5ಕ್ಕೆ ಮಾಲು ಸಿದ್ಧ. ಹಡಗಿಗೆ ಐದಾರು ವಾರ ಇಟ್ಟುಕೊಂಡರೆ ಮಾರ್ಚ್ ಮೂರನೇ ವಾರ ನಿಮ್ಮಲ್ಲಿ. 2026ರ ಈಸ್ಟರ್ ಏಪ್ರಿಲ್ 5ಕ್ಕೆ. ಆರ್ಡರ್ ಎರಡು ವಾರ ಜಾರಿದರೆ ವಿಮಾನದಲ್ಲೇ ಕಳಿಸಬೇಕಾಗುತ್ತದೆ, ಆಗ ಈಗ ಹೇಳಿರುವ ದರ ನಿಲ್ಲುವುದಿಲ್ಲ.

ಲ್ಯಾಬ್ ವರದಿ ಬರುವವರೆಗೆ ಇವನ್ನು ಶೆಲ್ಫ್‌ನಲ್ಲಿ ಇಡಬೇಡಿ, ಮಕ್ಕಳ ಕೈಗೂ ಕೊಡಬೇಡಿ, ನೆಂಟರ ಮಕ್ಕಳಿಗೂ. ಇದೇ ಲಾಟ್‌ನ ಒಂದೊಂದು ಪೀಸ್ ಇಲ್ಲಿ ಸೀಲ್ ಮಾಡಿ ಇಟ್ಟಿದ್ದೇವೆ. ನೀವು ಒಪ್ಪಿದ ಸ್ಯಾಂಪಲ್‌ಗೆ ಸಹಿ ಹಾಕಿ ಫೋಟೋ ಕಳಿಸಿದರೆ ಆ ಜೋಡಿಯನ್ನೇ ಇಟ್ಟುಕೊಂಡು ಆರ್ಡರ್ ತಾಳೆ ನೋಡುತ್ತೇವೆ.

ಲಗತ್ತು: ಇನ್‌ವಾಯ್ಸ್ ಎಸ್-14, ಪ್ಯಾಕಿಂಗ್ ಲಿಸ್ಟ್, ವೇಬಿಲ್ ಪ್ರತಿ, ಕೊರಿಯರ್ ಪ್ರೊಫಾರ್ಮಾ, ಪ್ಯಾಕ್ ಮಾಡುವ ಮುನ್ನ ತೆಗೆದ ಫೋಟೋಗಳು.

ವಂದನೆಗಳೊಂದಿಗೆ,
ಮಂಜುನಾಥ
ರಫ್ತು ವಿಭಾಗ, ಚನ್ನಪಟ್ಟಣ