ಮೊದಲು ಯಾರ ಹಾಸಿಗೆಗೆ?

ಜಿಲ್ಲಾ ಆಸ್ಪತ್ರೆಯ ಹೆಂಗಸರ ಮೆಡಿಕಲ್ ವಾರ್ಡ್. 28 ಹಾಸಿಗೆ, 26 ರೋಗಿಗಳು. ರಾತ್ರಿ ಡ್ಯೂಟಿಗೆ ಇದ್ದವರು ಸ್ಟಾಫ್ ನರ್ಸ್ ಶೈಲಜಾ, ಆಯಾ ಗಂಗಮ್ಮ, ಮತ್ತು ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷದ ರೇಖಾ. ರೇಖಾಗೆ ಇದು ಮೊದಲ ನೈಟ್.

ಎಂಟು ಗಂಟೆಗೆ ಹ್ಯಾಂಡ್‌ಓವರ್ ಮುಗಿಯಿತು. ರೇಖಾಳ ಚೀಟಿಯಲ್ಲಿ 26 ಸಾಲು ತುಂಬಿದ್ದವು.

"ಎಲ್ಲಾ ಬರೆದಿದ್ದೀಯ, ಸರಿ. ಇವರಲ್ಲಿ ಯಾರಿಗೆ ರಾತ್ರಿ ಕೆಡಬಹುದು? ಅವರ ಹೆಸರಿನ ಕೆಳಗೆ ಗೀಟು ಹಾಕು" ಎಂದರು ಶೈಲಜಾ.

ರೇಖಾ ಎರಡು ಗೀಟು ಹಾಕಿದಳು. 5ನೇ ಬೆಡ್‌ಗೆ ಆಸ್ತಮಾ, ಆಕ್ಸಿಜನ್ ಮೇಲಿದ್ದಾರೆ. 20ನೇ ಬೆಡ್‌ಗೆ ಪಾರ್ಶ್ವವಾಯು.

"12?"

"ಅವರು ಚೆನ್ನಾಗಿದ್ದಾರೆ ಸಿಸ್ಟರ್, ಮಗಳ ಜೊತೆ ಮಾತಾಡ್ತಿದ್ರು."

"ಇನ್ಸುಲಿನ್ ಹೋಗಿದೆ. ಊಟ ಅರ್ಧ ತಟ್ಟೆಯಲ್ಲೇ ಉಳಿದಿದೆ. ಗೀಟು ಹಾಕು."

ಹತ್ತು ಗಂಟೆಗೆ 12ರವರ ಸಕ್ಕರೆ ನೋಡಿದಾಗ 124 ಇತ್ತು.

ಹನ್ನೆರಡಕ್ಕೆ 20ರವರನ್ನು ಮಗ್ಗುಲು ಬದಲಿಸಬೇಕಿತ್ತು. ಎರಡು ಗಂಟೆಗೊಮ್ಮೆ ಆಗಬೇಕಾದ ಕೆಲಸ ಅದು. ರೇಖಾ ಗಂಗಮ್ಮನಿಗೆ "20 ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿ ಬಿಪಿ ನೋಡಲು ಹೋದಳು. ಗಂಗಮ್ಮ ರೋಗಿಯ ಸೊಸೆಯನ್ನು ಜೊತೆಗೆ ಕರೆದುಕೊಂಡು ಹೊರಳಿಸಿದರು. ಈ ಕೆಲಸದಲ್ಲಿ ಅವರ ಕೈ ರೇಖಾಳ ಕೈಗಿಂತ ಪಳಗಿದ್ದು, ಅದರಲ್ಲಿ ಅನುಮಾನ ಬೇಡ. ಆದರೆ ರೇಖಾ ಬಂದು ನೋಡಿದಾಗ ಮೂತ್ರದ ನಳಿಕೆ ತೊಡೆಯ ಕೆಳಗೆ ಸಿಕ್ಕಿತ್ತು, ಚೀಲಕ್ಕೆ ಹನಿಯೂ ಇಳಿಯುತ್ತಿರಲಿಲ್ಲ.

"ನಳಿಕೆ ವಿಷಯ ನೀವು ಹೇಳಲೇ ಇಲ್ವಲ್ಲಮ್ಮಾ" ಎಂದರು ಗಂಗಮ್ಮ. ಹೌದು, ಹೇಳಿರಲಿಲ್ಲ. ರೇಖಾ ನಳಿಕೆ ಬಿಡಿಸಿ, ಸೊಂಟದ ಹತ್ತಿರ ಚರ್ಮ ಕೆಂಪಾಗಿದೆಯಾ ಎಂದು ಒತ್ತಿ ನೋಡಿ, ಚಾರ್ಟಿನಲ್ಲಿ ಬರೆದಳು.

ಎರಡು ಗಂಟೆ ಹತ್ತು ನಿಮಿಷ. ಶೈಲಜಾ 5ರವರಿಗೆ ನೆಬ್ಯುಲೈಸರ್ ಹಾಕಿ ಪಕ್ಕದಲ್ಲೇ ನಿಂತಿದ್ದರು. 17ರ ಮಗ ಎದ್ದು ಕೂಗಿದ: "ಸಿಸ್ಟರ್! ಬಾಟಲ್ ಖಾಲಿ! ಗಾಳಿ ಒಳಗೆ ಹೋಗುತ್ತೆ!" 9ರ ಅಜ್ಜಿಗೆ ಬೆಡ್‌ಪ್ಯಾನ್ ಬೇಕಿತ್ತು. 20ರವರ ಮಗ್ಗುಲು ಬದಲಿಸುವ ಹೊತ್ತು ಆಗಲೇ ಮೀರಿತ್ತು. ಈ ಗಲಾಟೆಯ ನಡುವೆ 12ರವರ ಮಗಳು ಸಂಕೋಚದಿಂದ ಬಂದು ಕೇಳಿದಳು: "ಅಮ್ಮ ತುಂಬಾ ಬೆವರ್ತಿದ್ದಾರೆ, ಏನೇನೋ ಮಾತಾಡ್ತಿದ್ದಾರೆ. ಫ್ಯಾನ್ ಸ್ವಲ್ಪ ಜೋರು ಮಾಡ್ತೀರಾ?"

ರೇಖಾಳ ಕಾಲು ಆಗಲೇ 17ರ ಕಡೆ ಹೊರಟಿತ್ತು. ಹೊಸ ಹುಡುಗಿಯರ ಕಾಲು ಹೋಗುವುದೇ ಕೂಗಿದ ಕಡೆಗೆ ಅಲ್ವಾ. ಆದರೆ ಬೆವರು ಎಂದದ್ದು ಕಿವಿಗೆ ಬಿದ್ದಾಗ ಸಂಜೆಯ ಗೀಟು ನೆನಪಾಯಿತು. 17 ದಾರಿಯಲ್ಲೇ ಇತ್ತು. ಡ್ರಿಪ್ಪಿನ ರೋಲರ್ ಮುಚ್ಚಿ, "ಇದನ್ನು ಮುಟ್ಟಬೇಡಿ, ಹತ್ತು ನಿಮಿಷದಲ್ಲಿ ಬರುತ್ತೇನೆ" ಎಂದಳು.

ಈ ಸಲ ಗಂಗಮ್ಮನಿಗೆ ಬಿಡಿಸಿ ಹೇಳಿದಳು. "9ರ ಅಜ್ಜಿಗೆ ಬೆಡ್‌ಪ್ಯಾನ್ ಕೊಡಿ. ಸಂಜೆಯಿಂದ ತಲೆಸುತ್ತು ಇದೆ, ಕೆಳಗೆ ಇಳಿಯಲು ಬಿಡಬೇಡಿ. ಮಲ ಕಪ್ಪಗಿದ್ದರೆ ಚೆಲ್ಲಬೇಡಿ, ನನಗೆ ಬಂದು ಹೇಳಿ." ಅಜ್ಜಿ ಮಂಡಿನೋವಿಗೆ ಬಹಳ ದಿನದಿಂದ ಮಾತ್ರೆ ನುಂಗುತ್ತಿದ್ದದ್ದು ಚೀಟಿಯಲ್ಲಿತ್ತು.

12ರವರ ಮೈ ತಣ್ಣಗೆ, ಒದ್ದೆ. ಗ್ಲುಕೋಮೀಟರ್ 46 ತೋರಿಸಿತು. ಅಷ್ಟರಲ್ಲಿ ಮಗಳು ಫ್ಲಾಸ್ಕಿನಿಂದ ಸಿಹಿ ಚಹಾ ಬಗ್ಗಿಸಿ ಬಾಯಿಗೆ ಹಿಡಿಯಹೋದಳು. ಹೆಸರು ಹಿಡಿದು ಕರೆದರೆ ರೋಗಿ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದರು. "ಬೇಡ, ನುಂಗುವ ಎಚ್ಚರ ಇಲ್ಲ. ಶ್ವಾಸಕೋಶಕ್ಕೆ ಹೋಗುತ್ತದೆ" ಎಂದು ರೇಖಾ ಲೋಟ ತಡೆದಳು.

"ಸಿಸ್ಟರ್, 12. ಸಕ್ಕರೆ 46. ಬೆವರು, ಮಂಪರು, ನುಂಗಲು ಆಗ್ತಿಲ್ಲ. ಇನ್ಸುಲಿನ್ ಆಗಿದೆ, ಊಟ ಅರ್ಧ. ಕ್ಯಾನುಲಾ ಇದೆ."

ನಾಲ್ಕೇ ಮಾತು. ಶೈಲಜಾ ಮತ್ತೇನೂ ಕೇಳಬೇಕಾಗಲಿಲ್ಲ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತಲೇ ಹೇಳಿದರು: "ನೀನು 5ರ ಹತ್ತಿರ ನಿಲ್ಲು. ಸ್ಯಾಚುರೇಶನ್ 90ಕ್ಕಿಂತ ಇಳಿದರೆ, ಅಥವಾ ಮಾತಾಡಲು ಕಷ್ಟವಾದರೆ, ಕೂಗು. ಅಲ್ಲಿಂದ ಕದಲಬೇಡ." ರಕ್ತನಾಳಕ್ಕೆ ಔಷಧಿ ಕೊಡುವುದು ವಿದ್ಯಾರ್ಥಿನಿ ಒಬ್ಬಳೇ ಮಾಡುವ ಕೆಲಸ ಅಲ್ಲ. ಉಸಿರಾಟ ನೋಡುತ್ತಾ ನಿಲ್ಲುವುದು ಅವಳಿಂದ ಆಗುತ್ತದೆ. ಡಾಕ್ಟರ್ ಹೇಳಿದಂತೆ 25% ಡೆಕ್ಸ್‌ಟ್ರೋಸ್ 100 ಮಿ.ಲೀ. ಹೋಯಿತು. ಹದಿನೈದು ನಿಮಿಷದ ಮೇಲೆ ಸಕ್ಕರೆ 118. "ನಾನೇನು ಇಲ್ಲಿ ಮಲಗಿದೀನಿ?" ಎಂದು ರೋಗಿಯೇ ಕೇಳಿದರು.

ಶೈಲಜಾ ಇನ್ನೂ 12ರ ಬಳಿಯೇ ಇದ್ದರು. 17ಕ್ಕೆ ಕೊಟ್ಟ ಹತ್ತು ನಿಮಿಷ ಮುಗಿದಿತ್ತು. 20ರ ಸೊಸೆ ಎರಡು ಸಲ ಕರೆದಾಗಿತ್ತು. ರೇಖಾ 5ರ ಪಕ್ಕದಲ್ಲಿ ಮೀಟರ್ ನೋಡುತ್ತಿದ್ದಳು, 93. ಆಗ ಗಂಗಮ್ಮ ಬಂದು ದನಿ ತಗ್ಗಿಸಿ ಹೇಳಿದರು: "ಅಮ್ಮಾ, ಅಜ್ಜಿದು ಕಪ್ಪಗೇ ಇದೆ. ಡಾಂಬರಿನ ಹಾಗೆ ಅಂಟು."

ಚರ್ಚೆಗೆ: ರೇಖಾ 5ನ್ನು ಬಿಟ್ಟು ಹೋಗುವಂತಿಲ್ಲ. ಅವಳು ಈಗ ಶೈಲಜಾಗೆ ಯಾವ ಮಾತುಗಳಲ್ಲಿ ಹೇಳಬೇಕು? ಗಂಗಮ್ಮನಿಗೆ ಯಾವ ಕೆಲಸ ಕೊಡಬಹುದು, ಯಾವುದನ್ನು ಕೊಡಬಾರದು? 17 ಮತ್ತು 20ರಲ್ಲಿ ಯಾರು ಇನ್ನಷ್ಟು ಕಾಯಬಹುದು, ಯಾಕೆ?