ವಿಷಯ: ಬಿಲ್ ನಂ. 418ರ ಸೀರೆಗಳು ಬಣ್ಣ ಬಿಡುತ್ತಿರುವುದು, ಬದಲಿ ಮಾಲು ಅಥವಾ ಕ್ರೆಡಿಟ್ ನೋಟ್ ಬಗ್ಗೆ

ಶಿವಮೊಗ್ಗ
28-7-2025

ಗೆ,
ಮಾಲೀಕರು,
ಸೀರೆ ಸಗಟು ಅಂಗಡಿ, ಇಳಕಲ್

ಮಾನ್ಯರೇ, ನಮಸ್ಕಾರ.

ಜುಲೈ 7ಕ್ಕೆ ನಿಮ್ಮಿಂದ ಬಂದ 60 ಇಳಕಲ್ ಸೀರೆಗಳಲ್ಲಿ 36 ಚೆನ್ನಾಗಿವೆ, ಅವುಗಳ ಬಗ್ಗೆ ಏನೂ ತಕರಾರಿಲ್ಲ. ತೊಂದರೆ ಇರುವುದು ಬೂದಿ ಬಣ್ಣದ ಒಡಲು, ಕೆಂಪು ಚಿಕ್ಕಿ ಪರಾಸ ದಡಿಯ 24 ಸೀರೆಗಳಲ್ಲಿ. ದಡಿಯ ಕೆಂಪು ನೀರಿಗೆ ಬಿದ್ದ ಕೂಡಲೇ ಒಡಲಿಗೆ ಹತ್ತುತ್ತಿದೆ.

ಈ 24ರಲ್ಲಿ 7 ಮಾರಾಟವಾಗಿದ್ದವು. 5 ವಾಪಸ್ ಬಂದಿವೆ. ಒಂದು ಸೀರೆಯಲ್ಲಂತೂ ಮಡಿಕೆ ಬಿದ್ದ ಕಡೆಯೆಲ್ಲ ಗೆರೆಗೆರೆಯಾಗಿ ಗುಲಾಬಿ ಕಲೆ, ಸೆರಗಿನ ಹತ್ತಿರ ಅಂಗೈಯಗಲದ ಮಚ್ಚೆ. ಗಿರಾಕಿಗಳು ಬಿಸಿನೀರು, ಸೋಪಿನ ಪುಡಿ ಹಾಕಿರಬಹುದು ಅಂತ ನಿಮಗೆ ಅನಿಸಬಹುದು. ನನಗೂ ಮೊದಲು ಹಾಗೇ ಅನಿಸಿತ್ತು. ಅದಕ್ಕೇ ಬಿಚ್ಚದೇ ಇದ್ದ ಎರಡು ಸೀರೆ ತೆಗೆದು, ಸೋಪಿಲ್ಲದ ತಣ್ಣೀರಿನಲ್ಲಿ ಅರ್ಧ ಗಂಟೆ ಇಟ್ಟು ನೋಡಿದೆ. ನೀರು ಕೆಂಪಾಯಿತು, ಒಡಲೂ ಕಲೆಯಾಯಿತು. ಅದೇ ಪಾರ್ಸೆಲ್‌ನ ಹಸಿರು ಸೀರೆಯನ್ನೂ ಹಾಗೇ ನೆನೆಸಿದೆ, ಏನೂ ಆಗಲಿಲ್ಲ. ವಿಡಿಯೋ ನಿಮ್ಮ ವಾಟ್ಸಾಪ್‌ಗೆ ಕಳಿಸಿದ್ದೇನೆ.

ಗಾಢ ಬಣ್ಣ ಮೊದಲ ಸಲ ಸ್ವಲ್ಪ ಬಿಡೋದು ಹೊಸದಲ್ಲ, ಬೇರೆಯಾಗಿ ಒಗೆಯಿರಿ ಅಂತ ನಾವೇ ಹೇಳಿ ಕೊಡುತ್ತೇವೆ. ಆದರೆ ಒಡಲೇ ಹಾಳಾದರೆ ಸೀರೆ ಉಡೋದು ಹೇಗೆ? ಆ ಕೆಂಪು ನೂಲಿಗೆ ಬಣ್ಣ ಸರಿಯಾಗಿ ಕೂತಿಲ್ಲ, ಇಲ್ಲವೇ ಬಣ್ಣ ಹಾಕಿದ ಮೇಲೆ ಚೆನ್ನಾಗಿ ತೊಳೆದಿಲ್ಲ ಅಂತ ನನ್ನ ಅಂದಾಜು. ಅದೇ ನೂಲು ಇನ್ನೂ ಮಗ್ಗದ ಮೇಲಿದ್ದರೆ ದಯವಿಟ್ಟು ಒಮ್ಮೆ ನೋಡಿಸಿ.

ವಾಪಸ್ ಬಂದ 5, ಅಂಗಡಿಯಲ್ಲಿರುವ 17, ಒಟ್ಟು 22 ಸೀರೆ ನಾಳೆ ಲಾರಿ ಪಾರ್ಸೆಲ್‌ನಲ್ಲಿ ಕಳಿಸುತ್ತೇನೆ. ಬಾಡಿಗೆ ನಿಮ್ಮ ಕಡೆಯಿಂದ ಆಗಬೇಕು. ಉಳಿದ ಎರಡು ಗಿರಾಕಿಗಳ ಹತ್ತಿರವೇ ಇವೆ, ಬಂದರೆ ಆಮೇಲೆ ತಿಳಿಸುತ್ತೇನೆ.

ನನಗೆ ಬದಲಿ ಸೀರೆ ಸಿಕ್ಕರೇ ಒಳ್ಳೇದು. ಆಗಸ್ಟ್ 26ಕ್ಕೆ ಗೌರಿ ಹಬ್ಬ, ಬಾಗಿನಕ್ಕೆ ಈ ದರದ ಸೀರೆ ಜಾಸ್ತಿ ಹೋಗುತ್ತವೆ. ಹಾಗಾಗಿ ಆಗಸ್ಟ್ 14ರೊಳಗೆ ಮಾಲು ಇಲ್ಲಿ ಮುಟ್ಟಬೇಕು. ಅದೇ ಲಾಟಿನದು ಮಾತ್ರ ಬೇಡ. ಕಳಿಸುವ ಮುಂಚೆ ಒಂದು ಸೀರೆ ನೆನೆಸಿ ನೋಡಿ.

ಅಷ್ಟರಲ್ಲಿ ಆಗದಿದ್ದರೆ ಕ್ರೆಡಿಟ್ ನೋಟ್ ಕೊಡಿ. ಸೀರೆಗೆ 1,150ರಂತೆ 22ಕ್ಕೆ 25,300, ಶೇ. 5 ಜಿಎಸ್‌ಟಿ 1,265, ಒಟ್ಟು 26,565 ರೂಪಾಯಿ. ಅದರಲ್ಲಿ ಮೂಲ ಬಿಲ್ ನಂಬರ್, ತಾರೀಖು ನಮೂದಿಸಿ, ನಿಮ್ಮ ರಿಟರ್ನ್‌ನಲ್ಲೂ ತೋರಿಸಿ. ನನ್ನ ಕಡೆ ಆ ತೆರಿಗೆ ವಾಪಸ್ ತೋರಿಸಬೇಕಲ್ವಾ, ಲೆಕ್ಕ ತಾಳೆಯಾಗದಿದ್ದರೆ ಇಬ್ಬರಿಗೂ ತಲೆನೋವು.

ಈ ಬಿಲ್‌ನ ಬಾಕಿ 37,450. ಅದರಲ್ಲಿ ತಕರಾರಿನ 26,565 ಮಾತ್ರ ತಡೆದು, ಉಳಿದ 10,885 ರೂಪಾಯಿ ಇವತ್ತೇ ನಿಮ್ಮ ಖಾತೆಗೆ ಹಾಕಿದ್ದೇನೆ. ಬದಲಿ ಮಾಲು ಸರಿಯಾಗಿ ಬಂದ ದಿನವೇ ತಡೆದಿದ್ದನ್ನೂ ಹಾಕುತ್ತೇನೆ.

ಬದಲಿಯೋ ಕ್ರೆಡಿಟ್ಟೋ ಅನ್ನೋದನ್ನು ಈ ಶುಕ್ರವಾರ, ಆಗಸ್ಟ್ 1ರೊಳಗೆ ಫೋನಿನಲ್ಲಾದರೂ ತಿಳಿಸಿ.

ಇಂತಿ,
ಸುಮಿತ್ರಾ
ಸೀರೆ ಅಂಗಡಿ, ಗಾಂಧಿ ಬಜಾರ್, ಶಿವಮೊಗ್ಗ

ಜೊತೆಗೆ: ಬಿಲ್ ನಕಲು, ಕಲೆಯಾದ ಸೀರೆಗಳ ಫೋಟೋ